ಕಿವಿ ಮುಂದಿನ ಸೂಜಿಮೊನೆ ತೂತು: ಕೀವಾದಾಗ ನಾನು ಮಾಡುವುದು, ಮಾಡದಿರುವುದು

ಕಿವಿಯ ಮೇಲಂಚು ಬಾಗಿ ಬಂದು ಮುಖಕ್ಕೆ ಸೇರುತ್ತದಲ್ಲ, ಆ ಜಾಗದಲ್ಲಿ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಸೂಜಿಯಿಂದ ಚುಚ್ಚಿದಂಥ ಒಂದು ಸಣ್ಣ ತೂತು ಇರುತ್ತದೆ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಅಜ್ಜಿಯಂದಿರ ಕಣ್ಣಿಗೆ ಇದು ಮೊದಲು ಬೀಳುತ್ತದೆ. ಕೆಲವರು ಅದೃಷ್ಟ ಅನ್ನುತ್ತಾರೆ, ಕೆಲವರು ಹೆದರಿ ಬರುತ್ತಾರೆ. ನಾನು ಕಿವಿ-ಮೂಗು-ಗಂಟಲು ವೈದ್ಯ. ನನ್ನ ಹತ್ತಿರ ಬಂದವರಿಗೆ ಹೇಳುವುದು ಇಷ್ಟೇ: ಸುಮ್ನೆ ಇದ್ದರೆ ಸುಮ್ನೆ ಬಿಡಿ. ಕೀವಾದರೆ ಯಾರ ಕೈಲೂ ಅವಸರದಲ್ಲಿ ಕೊಯ್ಯಿಸಬೇಡಿ.

ಇದಕ್ಕೆ ನಾವು ಪ್ರಿಆರಿಕ್ಯುಲರ್ ಸೈನಸ್ ಅನ್ನುತ್ತೇವೆ. ಗರ್ಭದಲ್ಲಿ ಆರನೇ ವಾರದ ಹೊತ್ತಿಗೆ ಹೊರಕಿವಿ ಆರು ಪುಟ್ಟ ಉಬ್ಬುಗಳಾಗಿ ಹುಟ್ಟುತ್ತದೆ. ಅವು ಒಂದಕ್ಕೊಂದು ಕೂಡಿಕೊಂಡು ಕಿವಿಯ ಆಕಾರ ಬರುತ್ತದೆ. ಕೂಡುವಾಗ ಎಲ್ಲೋ ಒಂದು ಸಂದಿ ಉಳಿದರೆ ತೂತು, ಉಬ್ಬು ಒಂದಿಷ್ಟು ಹೆಚ್ಚಾಗಿ ಉಳಿದರೆ ಚರ್ಮದ ಗಂಟು. ಗ್ರಹಣಕ್ಕೂ, ತಾಯಿ ತಿಂದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡೂ ಕಿವಿಯಲ್ಲಿ ತೂತು ಇದ್ದರೆ ಮನೆತನದಲ್ಲಿ ಬಂದಿರುವ ಸಾಧ್ಯತೆ ಜಾಸ್ತಿ. ಅಪ್ಪನ ಕಿವಿಯನ್ನೋ ಅಮ್ಮನ ಕಿವಿಯನ್ನೋ ನೋಡಿದರೆ ಎಷ್ಟೋ ಸಲ ಅಲ್ಲೂ ಒಂದು ಸಿಗುತ್ತದೆ. ಅವರಿಗೇ ಗೊತ್ತಿರುವುದಿಲ್ಲ.

ಹೆರಿಗೆ ವಾರ್ಡಿನಿಂದ ಇಂಥ ಮಗು ಬಂದರೆ ನಾನು ತೂತಿಗಿಂತ ಜಾಸ್ತಿ ಹೊತ್ತು ಉಳಿದದ್ದನ್ನು ನೋಡುತ್ತೇನೆ. ಎರಡೂ ಕಿವಿಯ ಆಕಾರ, ಕಿವಿಯ ನಾಳ ತೆರೆದಿದೆಯೇ, ದವಡೆ ಎರಡೂ ಬದಿ ಒಂದೇ ಸಮ ಇದೆಯೇ, ಕಣ್ಣಿನ ಬಿಳಿಯ ಮೇಲೆ ಗಂಟು ಇದೆಯೇ, ಕುತ್ತಿಗೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ರಂಧ್ರ ಇದೆಯೇ ಅಂತ. ಕಿವಿಯ ತೂತು, ಕುತ್ತಿಗೆಯ ರಂಧ್ರ, ಕಿವುಡು, ಕಿಡ್ನಿ ತೊಂದರೆ ಇವೆಲ್ಲ ಒಟ್ಟಿಗೆ ಬರುವ ಒಂದು ಆನುವಂಶಿಕ ಕಾಯಿಲೆ ಇದೆ. ಅಪರೂಪ, ಆದರೆ ಹುಡುಕದೆ ಬಿಡಬಾರದು. ಹಾಗಂತ ಎಲ್ಲ ಮಕ್ಕಳಿಗೂ ಹೊಟ್ಟೆಯ ಸ್ಕ್ಯಾನಿಂಗ್ ಬರೆಯುವುದಿಲ್ಲ. ಬೇರೆ ಅಂಗದಲ್ಲೂ ದೋಷ ಕಂಡರೆ, ಮನೆಯಲ್ಲಿ ಹುಟ್ಟು ಕಿವುಡು ಅಥವಾ ಕಿಡ್ನಿ ದೋಷ ಇದ್ದರೆ, ತಾಯಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಕಿಡ್ನಿ ನೋಡಿಸುತ್ತೇನೆ.

ಕಿವಿ ಕೇಳುವ ಪರೀಕ್ಷೆ ಮಾತ್ರ ಎಲ್ಲರಿಗೂ ಬೇಕು. 2008ರಲ್ಲಿ ಇಸ್ರೇಲ್‌ನಿಂದ ಬಂದ ಒಂದು ಅಧ್ಯಯನದಲ್ಲಿ ಇಂಥ ತೂತು ಅಥವಾ ಗಂಟು ಇದ್ದ ಶಿಶುಗಳಲ್ಲಿ ಸಾವಿರಕ್ಕೆ 8ರಷ್ಟು ಮಕ್ಕಳಿಗೆ ಶ್ರವಣದೋಷ ಇತ್ತು, ಉಳಿದವರಲ್ಲಿ ಸಾವಿರಕ್ಕೆ 1.5. ಅಂದರೆ ಹೆಚ್ಚಿನ ಮಕ್ಕಳಿಗೆ ಕಿವಿ ಚೆನ್ನಾಗೇ ಕೇಳುತ್ತದೆ, ಆದರೂ ಪರೀಕ್ಷೆ ತಪ್ಪಿಸಬಾರದು. ಮಗು ಮಲಗಿರುವಾಗ ಕಿವಿಗೆ ಪುಟ್ಟ ಬಿರಡೆ ಇಟ್ಟು ಮಾಡುವ ಓಎಇ ಪರೀಕ್ಷೆ ಕೆಲವೇ ನಿಮಿಷದ್ದು. ಅದರಲ್ಲಿ ಪಾಸ್ ಆಗದಿದ್ದರೆ ಮತ್ತೊಮ್ಮೆ, ಆಗಲೂ ಅನುಮಾನ ಉಳಿದರೆ ಶಬ್ದಕ್ಕೆ ಕಿವಿಯ ನರ ಹೇಗೆ ಸ್ಪಂದಿಸುತ್ತದೆ ಅಂತ ನೋಡುವ ಬೇರಾ ಪರೀಕ್ಷೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಹತ್ತಿರವಿದ್ದವರಿಗೆ ಅಲ್ಲಿಗೇ ಬರೆದುಕೊಡುತ್ತೇನೆ.

ಗಂಟಿನ ಬಗ್ಗೆ ಒಂದೆರಡು ಮಾತು ಸಾಕು. ನರುಳ್ಳೆ ಅಂದುಕೊಂಡು ಕುದುರೆ ಬಾಲದ ಕೂದಲು ಕಟ್ಟಿಕೊಂಡು ಬಂದವರಿದ್ದಾರೆ. ಇದು ನರುಳ್ಳೆಯಲ್ಲ. ಬೆರಳಲ್ಲಿ ಹಿಡಿದು ನೋಡಿದರೆ ಹಲವು ಗಂಟುಗಳ ಒಳಗೆ ಮೆದು ಮೂಳೆ ಗಟ್ಟಿಯಾಗಿ ಸಿಗುತ್ತದೆ. ದಾರ ಕಟ್ಟಿದರೆ ಮೇಲಿನ ಚರ್ಮ ಕಪ್ಪಾಗಿ ಉದುರುತ್ತದೆ, ಮೆದು ಮೂಳೆಯ ಬುಡ ಒಳಗೇ ಉಳಿದು ಗುಬುಟಾಗುತ್ತದೆ. ಮಧ್ಯದಲ್ಲಿ ಕೀವಾದರೆ ಇನ್ನೂ ಕಷ್ಟ. ತೊಂದರೆ ಕೊಡದ ಗಂಟಿಗೆ ಅವಸರವಿಲ್ಲ. ಅಂದಕ್ಕಾಗಿ ತೆಗೆಸುವುದಾದರೆ ಮೆದು ಮೂಳೆಯ ಸಮೇತ ತೆಗೆದು ಹೊಲಿಗೆ ಹಾಕುವುದು ಸರಿ.

ಈಗ ಕೀವಿನ ವಿಷಯ. ಹೊರಗಿನಿಂದ ಸೂಜಿಮೊನೆಯಷ್ಟೇ ಕಂಡರೂ ಒಳಗೆ ಚರ್ಮದ್ದೇ ಒಳಪದರ ಇರುವ ಒಂದು ಕೊಳವೆ ಇರುತ್ತದೆ. ನೇರವಾಗಿರುವುದಿಲ್ಲ, ಡೊಂಕು ಡೊಂಕಾಗಿ ಇರುವೆ ಗೂಡಿನ ಹಾಗೆ ಕವಲೊಡೆದಿರುತ್ತದೆ. ಆ ಪದರ ಸತ್ತ ಚರ್ಮವನ್ನು ಉದುರಿಸುತ್ತಲೇ ಇರುತ್ತದೆ. ಅದೇ ಕೆಲವರಿಗೆ ಮೊಸರಿನಂಥ ಬಿಳಿ ಪದಾರ್ಥವಾಗಿ ಹೊರಗೆ ಬರುತ್ತದೆ, ಸ್ವಲ್ಪ ವಾಸನೆಯೂ ಇರುತ್ತದೆ. ಅದು ಕೀವಲ್ಲ. ತಾನಾಗಿ ಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒತ್ತಿ ತೆಗೆಯಲು ಹೋದರೆ ಒಳಗಿನ ಪದರ ಒಡೆದು, ಉಗುರಿನ ಬ್ಯಾಕ್ಟೀರಿಯಾ ಒಳಗೆ ಸೇರುತ್ತದೆ. ತೂತಿಗೆ ಎಣ್ಣೆ ಬಿಡುವುದು, ಅರಿಶಿನ ತುಂಬುವುದು ಕೂಡ ಬಾಯಿ ಕಟ್ಟಿಸುವ ಕೆಲಸವೇ.

ಎರಡು ವರ್ಷ ದಾಟಿದ ಒಂದು ಹೆಣ್ಣುಮಗುವಿನ ವಿಷಯ ಹೇಳುತ್ತೇನೆ. ಹುಟ್ಟಿದಾಗ ಕಿವಿ ಪರೀಕ್ಷೆಗೆ ನಮ್ಮಲ್ಲೇ ಬಂದಿತ್ತು, ಪಾಸಾಗಿತ್ತು. ಈಗ ಎಡಗಡೆ ಕಿವಿಯ ಮುಂದೆ ಅಡಿಕೆ ಗಾತ್ರದ ಊತ. ಮನೆಯವರು ಮಂಗನಬಾವು ಅಂದುಕೊಂಡು ಜಾಜು ಬಳಿದಿದ್ದರು. ಆಮೇಲೆ ಹತ್ತಿರದ ಕ್ಲಿನಿಕ್ಕಿನಲ್ಲಿ ಕುರು ಅಂತ ಹೇಳಿ, ಮಾರನೇ ದಿನ ಕೊಯ್ದುಬಿಡೋಣ ಅಂದಿದ್ದರಂತೆ.

ಜಾಜು ಒರೆಸಿ ನೋಡಿದೆ. ಊತ ಇದ್ದದ್ದು ತೂತಿನ ಜಾಗದಲ್ಲಲ್ಲ, ಅದರಿಂದ ಒಂದು ಬೆರಳಗಲ ಮುಂದೆ, ಸ್ವಲ್ಪ ಕೆಳಗೆ. ಎಡವಟ್ಟಾಗುವುದು ಇಲ್ಲೇ. ಕೊಳವೆಯ ಕವಲಿನಲ್ಲಿ ಕೀವು ತುಂಬಿದರೆ ಊತ ತೂತಿನಿಂದ ದೂರದಲ್ಲಿ ಕಾಣಬಹುದು, ಆಗ ತೂತಿನ ಕಡೆ ಯಾರೂ ನೋಡುವುದೇ ಇಲ್ಲ. ಮಂಗನಬಾವಾದರೆ ಊತ ಕಿವಿಯ ಹಾಲೆಯ ಕೆಳಗೆ, ಹಾಲೆ ಮೇಲಕ್ಕೆ ಎದ್ದಿರುತ್ತದೆ, ಚರ್ಮ ಸಾಮಾನ್ಯವಾಗಿ ಕೆಂಪಗಿರುವುದಿಲ್ಲ. ಇಲ್ಲಿ ಹಾಲೆ ತನ್ನ ಜಾಗದಲ್ಲೇ ಇತ್ತು. ಚರ್ಮ ಕೆಂಪಾಗಿ ಮಿರಮಿರ ಹೊಳೆಯುತ್ತಿತ್ತು, ಮುಟ್ಟಿದರೆ ಬಿಸಿ. ಕಿವಿಯ ನಾಳ, ತಮಟೆ ಎರಡೂ ಚೊಕ್ಕ. ಕಿವಿಯ ಹಿಂದಿನ ಮೂಳೆ ಒತ್ತಿದರೆ ಮಗು ಅಳಲಿಲ್ಲ. ಊತದ ಅಂಚಿಗೆ ಬೆರಳು ಮೆಲ್ಲಗೆ ತಾಗಿಸುತ್ತಿದ್ದ ಹಾಗೆ, ಮೇಲಿದ್ದ ತೂತಿನ ಬಾಯಲ್ಲಿ ಸಾಸಿವೆ ಕಾಳಿನಷ್ಟು ಹಳದಿ ಹನಿ ಮೂಡಿತು. ಇನ್ನೇನೂ ಸ್ಕ್ಯಾನ್ ಬೇಕಾಗಲಿಲ್ಲ.

ಕೊಯ್ದರೆ ಏನಾಗುತ್ತದೆ ಅಂತ ಅಪ್ಪ ಕೇಳಿದರು. ಕೀವೇನೋ ಬರುತ್ತದೆ, ನೋವೂ ಇಳಿಯುತ್ತದೆ. ಆದರೆ ಒಳಗಿನ ಪದರ ಛಿದ್ರವಾಗಿ ಅದರ ಚೂರುಗಳು ಅಲ್ಲಲ್ಲೇ ಗಾಯದೊಳಗೆ ಹೂತುಹೋಗುತ್ತವೆ. ಗಾಯ ಗಟ್ಟಿಯಾದ ಮೇಲೆ ಯಾವುದು ಕೊಳವೆ, ಯಾವುದು ಕಲೆ ಅಂತ ಗುರುತಿಸುವುದು ಆಪರೇಷನ್ ಮಾಡುವವರಿಗೆ ಬಲು ಕಷ್ಟ. ಮುಂದೆ ಮತ್ತೆ ಮತ್ತೆ ಕೀವಾಗುವ ಮಕ್ಕಳಲ್ಲಿ ಹಿಂದೆ ಒಮ್ಮೆ ಹೀಗೆ ಕೊಯ್ಯಿಸಿಕೊಂಡವರು ಬಹಳ. ಮುಖದ ಮೇಲೆ ಕಲೆಯಂತೂ ಇದ್ದೇ ಇರುತ್ತದೆ.

ಅದಕ್ಕೇ ನಾನು ಮೊದಲು ಇರುವ ಬಾಯಿಂದಲೇ ಕೀವು ತೆಗೆಯಲು ನೋಡುತ್ತೇನೆ. ಕಣ್ಣೀರಿನ ನಾಳಕ್ಕೆ ಹಾಕುವ ಮೊಂಡು ತುದಿಯ ತೆಳು ಕಡ್ಡಿ ಇದಕ್ಕೆ ಹೇಳಿ ಮಾಡಿಸಿದ್ದು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಅಮ್ಮನ ತೊಡೆಯ ಮೇಲೆ ಮಲಗಿಸಿ, ನೋವಿನ ಔಷಧಿ ಮೊದಲೇ ಕೊಟ್ಟು, ಕಡ್ಡಿಯನ್ನು ತೂತಿನಲ್ಲಿ ಬಲ ಹಾಕದೆ ಜಾರಿಸುತ್ತೇನೆ. ತಾನಾಗಿ ಹೋದಷ್ಟೇ ದೂರ. ಈ ಮಗುವಿನಲ್ಲಿ ಬಾಯಿಗೆ ಕಟ್ಟಿದ್ದ ಬಿಳಿ ಬಿರಡೆ ಹೊರಬಂದು ಒಂದಿಷ್ಟು ಕೀವು ಇಳಿಯಿತು. ಪೂರ್ತಿ ಖಾಲಿಯಾಗಲಿಲ್ಲ. ಉಳಿದದ್ದನ್ನು ಊತ ಮೆತ್ತಗಾಗಿದ್ದ ಕಡೆ 18 ಗೇಜ್ ಸೂಜಿ ಚುಚ್ಚಿ ಸಿರಿಂಜಿಗೆ ಎಳೆದೆ. ಯಾವ ಬ್ಯಾಕ್ಟೀರಿಯಾ ಅಂತ ತಿಳಿಯಲು ಕೀವನ್ನು ಕಲ್ಚರ್‌ಗೆ ಕಳಿಸಿ, ತೂಕ ನೋಡಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್ ಬರೆದೆ. ಈ ಸೋಂಕಿಗೆ ಸಾಮಾನ್ಯವಾಗಿ ಸ್ಟೆಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಕಾರಣ. ಕಲ್ಚರಿನಲ್ಲೂ ಅದೇ ಬಂತು, ಕೊಟ್ಟ ಔಷಧಿಗೆ ಬಗ್ಗುವಂಥದ್ದು. ಹಾಗಾಗಿ ಬದಲಿಸಲಿಲ್ಲ. ಈ ಸಿರಪ್‌ನಿಂದ ಮಕ್ಕಳಿಗೆ ಭೇದಿ ಹತ್ತುವುದುಂಟು, ಊಟದ ಜೊತೆ ಕೊಟ್ಟರೆ ಕಡಿಮೆ.

ಎರಡು ದಿನ ಬಿಟ್ಟು ಬಂದಾಗ ಊತ ಅರ್ಧಕ್ಕಿಳಿದಿತ್ತು, ಕೆಂಪು ಮಂಕಾಗಿತ್ತು. ಮತ್ತೆ ತುಂಬಿದ್ದರೆ ಮತ್ತೆ ಸೂಜಿ ಹಾಕುತ್ತಿದ್ದೆ. ಅದಕ್ಕೂ ಬಗ್ಗದೆ ಚರ್ಮ ಒಡೆಯುವ ಹಾಗಿದ್ದರೆ ಆಗ ಮಾತ್ರ ಸಣ್ಣದಾಗಿ ಕೊಯ್ಯುವುದು, ಅದೂ ಮುಂದಿನ ಆಪರೇಷನ್ನಿನಲ್ಲಿ ಸೇರಿಹೋಗುವ ಜಾಗದಲ್ಲಿ. ಇಲ್ಲಿ ಒಂದು ಎಚ್ಚರಿಕೆ: ಇದೆಲ್ಲ ಚೆನ್ನಾಗಿ ಹಾಲು ಕುಡಿದು ಆಡುತ್ತಿರುವ ಮಗುವಿನ ಮಾತು. ಮೂರು ತಿಂಗಳೊಳಗಿನ ಕೂಸಿಗೆ ಕೀವಿನ ಜೊತೆ ಜ್ವರ ಬಂದರೆ, ಹಾಲು ಬಿಟ್ಟರೆ, ಚರ್ಮದ ಕೆಂಪು ಬಣ್ಣ ಕಣ್ಣಿನ ಕಡೆ ಹರಡಿದರೆ ಸಿರಪ್ ಬರೆದು ಮನೆಗೆ ಕಳಿಸುವಂತಿಲ್ಲ. ಮಕ್ಕಳ ವೈದ್ಯರ ಕೈಗೆ ಒಪ್ಪಿಸಿ ರಕ್ತನಾಳದ ಮೂಲಕವೇ ಔಷಧಿ ಕೊಡಬೇಕು.

ಒಮ್ಮೆ ಕೀವಾದ ತೂತಿನಲ್ಲಿ ಮತ್ತೆ ಕೀವಾಗುವ ಸಂಭವ ಜಾಸ್ತಿ. ಈ ಮಗುವಿಗೂ ಮಳೆಗಾಲದ ಹೊತ್ತಿಗೆ ಇನ್ನೊಮ್ಮೆ ಆಯಿತು, ಆಗ ಆಪರೇಷನ್ ತೀರ್ಮಾನ ಮಾಡಿದೆವು. ಕೀವಿರುವಾಗ ಮಾಡುವುದಿಲ್ಲ. ಊತ ಇಳಿದ ಮೇಲೂ ಸುಮಾರು ಆರು ವಾರ ಕಾಯುತ್ತೇನೆ, ಒಳಗಿನ ಪದರಗಳು ಬಿಡಿಬಿಡಿಯಾಗಿ ಸಿಗಬೇಕಲ್ಲ. ಪೂರ್ತಿ ಅರಿವಳಿಕೆ ಕೊಟ್ಟೇ ಮಾಡಬೇಕು. ತೂತಿನ ಸುತ್ತ ಕಣ್ಣಿನಾಕಾರದಲ್ಲಿ ಕೊಯ್ದು, ಗೆರೆಯನ್ನು ಕಿವಿಯ ಮೇಲಕ್ಕೆ ಎಳೆಯುತ್ತೇನೆ. ಹಿಂದೆ ಕೊಳವೆಯನ್ನೇ ಬೆನ್ನಟ್ಟಿ ತೆಗೆಯುತ್ತಿದ್ದರು, ಒಂದು ಕವಲು ತಪ್ಪಿಹೋದರೂ ಕಾಯಿಲೆ ವಾಪಸ್. ಈಗ ಕವಲು ಹುಡುಕುತ್ತಾ ಕೂರುವುದಿಲ್ಲ. ಕಪಾಲದ ಪಕ್ಕದ ಸ್ನಾಯುವಿನ ಬಿಳಿ ಹೊದಿಕೆ ಕಾಣುವವರೆಗೆ ಇಳಿದು, ಅದರಿಂದ ಕಿವಿಯ ಮೆದು ಮೂಳೆಯವರೆಗೆ ನಡುವೆ ಇರುವ ಅಷ್ಟೂ ಮೆದು ಭಾಗವನ್ನು ಒಂದೇ ಉಂಡೆಯಾಗಿ ತೆಗೆಯುವುದು. ಕೊಳವೆ ಅಂಟಿಕೊಂಡಿರುವ ಕಡೆ ಮೆದು ಮೂಳೆಯ ಒಂದು ಚೂರೂ ಜೊತೆಗೆ ಬರುತ್ತದೆ, ಕಿವಿಯ ಆಕಾರ ಕೆಡುವುದಿಲ್ಲ. ಮುಂದಕ್ಕೆ, ಕೆಳಕ್ಕೆ ಹೋಗುವಾಗ ಮಾತ್ರ ಕೈ ಬಿಗಿ ಹಿಡಿಯಬೇಕು. ಮುಖದ ನರದ ಕವಲುಗಳು ಆ ಕಡೆ ಇವೆ. ತೂತು ಕಿವಿಯ ಹಾಲೆಯ ಹತ್ತಿರವೋ ದವಡೆಯ ಮೂಲೆಯಲ್ಲೋ ಇದ್ದರೆ ಅದು ಬೇರೆಯೇ ಜಾತಿಯ ಕೊಳವೆ, ಆ ನರಕ್ಕೇ ಸುತ್ತಿಕೊಂಡಿರಬಹುದು. ಅಂಥದ್ದಕ್ಕೆ ಎಂಆರ್‌ಐ ಇಲ್ಲದೆ ಕೈ ಹಾಕುವುದಿಲ್ಲ.

ಮಗುವಿನ ಗಾಯಕ್ಕೆ ಒಳಗೆ ಟೊಳ್ಳು ಉಳಿಯದ ಹಾಗೆ ಹೊಲಿಗೆ ಹಾಕಿ, ಎರಡು ದಿನ ತಲೆಗೆ ಬಿಗಿ ಪಟ್ಟಿ ಕಟ್ಟಿದ್ದೆವು. ಟೊಳ್ಳಿದ್ದರೆ ರಕ್ತ ತುಂಬಿ ಅದೇ ಮತ್ತೆ ಕೀವಾಗುತ್ತದೆ. ಗಾಯ ಒಣಗಿತು. ಮತ್ತೆ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲೇ ಗೊತ್ತಾಗುತ್ತದೆ: ಗೆರೆಯ ಮೇಲೆ ಮಾಯದ ಒಂದು ಚುಕ್ಕೆ, ಅದರಿಂದ ಆಗಾಗ ಒಸರು. ಹಾಗೇನಾದರೂ ಕಂಡರೆ ಬನ್ನಿ ಅಂತ ಹೇಳಿ ಕಳಿಸಿದೆ.

ಹೊರಡುವಾಗ ಅಪ್ಪ ತಮ್ಮ ಬಲಗಿವಿ ತೋರಿಸಿದರು. ಅಲ್ಲೂ ಒಂದು ತೂತು, ಇಷ್ಟು ವರ್ಷದಲ್ಲಿ ಒಮ್ಮೆಯೂ ಒಸರಿಲ್ಲ. "ಡಾಕ್ಟ್ರೇ, ಇದನ್ನೂ ತೆಗೆಸಿಬಿಡಲಾ?" ಅಂದರು. ಬೇಡ ಅಂದೆ.