ಪರ್ಫ್ಯೂಮ್ ವಿಮರ್ಶೆಯಲ್ಲಿ ನನ್ನ ಮೂಗನ್ನು ಎಷ್ಟು ನಂಬುತ್ತೇನೆ

ಪರ್ಫ್ಯೂಮ್ ಬಗ್ಗೆ ಬರೆದಾಗ ಜಗಳ ಶುರುವಾಗುವುದು ಸಾಮಾನ್ಯವಾಗಿ ಒಂದೇ ಕಡೆ: ಎಷ್ಟು ಹೊತ್ತು ಇರುತ್ತೆ? ಒಬ್ಬರು ಎರಡು ಗಂಟೆ ಅಂತಾರೆ, ಇನ್ನೊಬ್ಬರು ಇಡೀ ದಿನ ಅಂತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಎರ್ಮೆಸ್ ಕಂಪನಿಯ ಟೆರ್ ದೆರ್ಮೆಸ್ ಅನ್ನುವ ಪರ್ಫ್ಯೂಮಿನ ವಿಮರ್ಶೆಯನ್ನು ನಾನು ಬರೆದ ಬಗೆಯನ್ನು ಹೇಳಿದರೆ ಇದು ಹೇಗೆ ಅಂತ ಗೊತ್ತಾಗುತ್ತೆ.

ಈ ಪರ್ಫ್ಯೂಮ್ ಮಾಡಿದವರು ಜಾನ್-ಕ್ಲೋದ್ ಎಲೆನಾ. ಬಂದದ್ದು 2006ರಲ್ಲಿ. ಆಮೇಲೆ ಅದೇ ಹೆಸರಿನಲ್ಲಿ ಗಾಢವಾದ ಬೇರೆ ಬಾಟಲಿಗಳೂ ಬಂದವು. ಹಾಗಾಗಿ ನಾನು ಹಾಕಿಕೊಂಡದ್ದು ಮೊದಲಿನ ಓ ದ ತ್ವಾಲೆತ್, ಅಂದರೆ ಅಷ್ಟು ಗಾಢವಲ್ಲದ ಬಗೆ, ಅಂತ ವಿಮರ್ಶೆಯ ಮೊದಲ ಸಾಲಿನಲ್ಲೇ ಬರೆದೆ. ಇಲ್ಲದಿದ್ದರೆ ಓದಿದವರು ಬೇರೆ ಬಾಟಲಿ ತಂದು ನನ್ನನ್ನು ಬೈಯುತ್ತಾರೆ.

ಹಾಕಿಕೊಳ್ಳುವ ಮೊದಲು ಕೈಗೆ ಸೋಪು, ಕ್ರೀಮು, ಕೊಬ್ಬರಿ ಎಣ್ಣೆ ಏನೂ ಬೇಡ. ಬರೀ ನೀರಿನಲ್ಲಿ ತೊಳೆದು ಒರೆಸಿಕೊಂಡು ಮೊಣಕೈಯ ಒಳಭಾಗಕ್ಕೆ ಎರಡು ಸ್ಪ್ರೇ. ಉಜ್ಜುವುದಿಲ್ಲ. ಒಂದು ಪೇಪರ್ ಪಟ್ಟಿಗೂ ಒಂದು ಸ್ಪ್ರೇ ಹೊಡೆದು ಬೇರೆ ಕೋಣೆಯಲ್ಲಿ ಇಡುತ್ತೇನೆ. ಯಾವ ಯಾವ ವಾಸನೆ ಬರುತ್ತೆ ಅಂತ ಕಂಪನಿ ಕೊಡುವ ನೋಟ್ಸ್ ಪಟ್ಟಿಯನ್ನು ಈ ಹೊತ್ತಿನಲ್ಲಿ ಓದುವುದೇ ಇಲ್ಲ. ಓದಿಬಿಟ್ಟರೆ ಇಲ್ಲದ ವಾಸನೆಯೂ ಬರತೊಡಗುತ್ತೆ!

ಬೆಳಿಗ್ಗೆ ಒಂಬತ್ತಕ್ಕೆ ಹಾಕಿದೆ. ಮೊದಲ ನಿಮಿಷ ಮೂಗಿಗೆ ಹೊಡೆಯುವುದು ಬರೀ ಆಲ್ಕೋಹಾಲು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಐದು ನಿಮಿಷಕ್ಕೆ ಬರೆದುಕೊಂಡ ಟಿಪ್ಪಣಿ ಹೀಗಿತ್ತು: "ಕಿತ್ತಳೆ, ಆದರೆ ಜ್ಯೂಸ್ ಅಲ್ಲ. ಸಿಪ್ಪೆ ಹಿಂಡಿದಾಗ ಚಿಮ್ಮುತ್ತಲ್ಲ, ಆ ಕಹಿ ಎಣ್ಣೆ. ಅದರ ಹಿಂದೆ ಎರಡು ಬೆಣಚುಕಲ್ಲು ಉಜ್ಜಿದಾಗ ಬರುವ ಸುಟ್ಟ ವಾಸನೆ. ಸ್ವಲ್ಪ ಮೆಣಸು." ಓಪನಿಂಗ್, ಅಂದರೆ ಈ ಮೊದಮೊದಲ ವಾಸನೆಯ ಬಗ್ಗೆ 'ಫ್ರೆಶ್ ಆಗಿದೆ' ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಸೋಪೂ ಫ್ರೆಶ್, ನಿಂಬೆಹಣ್ಣೂ ಫ್ರೆಶ್, ಅಲ್ವಾ?

ಹತ್ತೂವರೆ ಹೊತ್ತಿಗೆ ಕಿತ್ತಳೆ ಹಿಂದೆ ಸರಿದಿತ್ತು. ಕಿತ್ತಳೆ, ನಿಂಬೆಯಂಥ ಹಣ್ಣಿನ ವಾಸನೆಯ ಅಣುಗಳು ಹಗುರ, ಬೇಗ ಆವಿಯಾಗುತ್ತವೆ. ಅಲ್ಲಿಂದ ಡ್ರೈಡೌನ್, ಅಂದರೆ ಮೊದಲಿನ ವಾಸನೆ ಹೋದ ಮೇಲೆ ಚರ್ಮದಲ್ಲಿ ಉಳಿಯುವುದು: ಒಣ ದೇವದಾರಿನಂಥ ಮರ, ಲಾವಂಚ. ನಾವು ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಹಾಕುವ ಲಾವಂಚದ ತಂಪು, ಹಸಿ ಮಣ್ಣಿನ ಗುಣ ಇದರಲ್ಲಿ ಕಮ್ಮಿ. ಬೇರನ್ನು ಬಿಸಿಲಿಗೆ ಒಣಗಿಸಿ ಮುರಿದ ಹಾಗಿದೆ. ಇದನ್ನು ಹೀಗೆ ಬಿಡಿಸಿ ಬರೆದೆ. ಬರೀ 'ಲಾವಂಚ' ಅಂದರೆ ನಮ್ಮ ಕಡೆಯವರು ಇನ್ನೇನನ್ನೋ ನಿರೀಕ್ಷಿಸುತ್ತಾರೆ.

ಮಧ್ಯಾಹ್ನ ಒಂದಕ್ಕೆ ಕೈ ಮೂಸಿದರೆ ಏನೂ ಇಲ್ಲ. ಇಲ್ಲಿಗೇ ನಿಲ್ಲಿಸಿ 'ನಾಲ್ಕು ಗಂಟೆ' ಅಂತ ಬರೆದುಬಿಡಬಹುದಿತ್ತು. ಆದರೆ ಈ ಪರ್ಫ್ಯೂಮಿನಲ್ಲಿ ಐಸೋ ಇ ಸೂಪರ್ ಅನ್ನುವ, ಮರದ ವಾಸನೆಯ ಸಿಂಥೆಟಿಕ್ ಪದಾರ್ಥ ದೊಡ್ಡ ಪ್ರಮಾಣದಲ್ಲಿದೆ. ಕೆಲವರಿಗೆ ಅದು ಚೆನ್ನಾಗಿ ಗೊತ್ತಾಗುತ್ತೆ, ಕೆಲವರಿಗೆ ಬಂದು ಬಂದು ಹೋಗುತ್ತೆ, ಕೆಲವರಿಗೆ ಬರುವುದೇ ಇಲ್ಲ. ಅದರ ಮೇಲೆ, ಗಂಟೆಗಟ್ಟಲೆ ಒಂದೇ ವಾಸನೆಯಲ್ಲಿದ್ದರೆ ಮೂಗು ಅದನ್ನು ಗಮನಿಸುವುದನ್ನೇ ಬಿಡುತ್ತೆ. ನನ್ನ ಮೂಗಿಗೆ ಮುಗಿಯಿತು ಅಂದರೆ ಪರ್ಫ್ಯೂಮ್ ಮುಗಿಯಿತು ಅಂತಲ್ಲ.

ಅದಕ್ಕೆ ಹೊರಗೆ ಹೋಗಿ ಹತ್ತು ನಿಮಿಷ ಓಡಾಡಿ ಬಂದೆ. ಕಾಫಿ ಬೀಜ ಮೂಸಿದರೆ ಮೂಗು ಸರಿಹೋಗುತ್ತೆ ಅನ್ನುತ್ತಾರೆ, ನನಗೆ ನಂಬಿಕೆ ಇಲ್ಲ, ಸುಮ್ನೆ ಹೊರಗಿನ ಗಾಳಿ ಸಾಕು. ವಾಪಸು ಬಂದಾಗ ಮರದ ವಾಸನೆ ಸಣ್ಣಗೆ ಸಿಕ್ಕಿತು. ಆಮೇಲೆ ಆಫೀಸಿನಿಂದ ಊಟಕ್ಕೆ ಬಂದ ಹೆಂಡತಿಯ ಮುಂದೆ ಕೈ ಚಾಚಿದೆ. "ಇಲ್ಲಿಗೇ ಬರ್ತಿದೆಯಲ್ಲರೀ, ಹೊಸ ಬೀರು ಬಾಗಿಲು ತೆಗೆದ ಹಾಗೆ" ಅಂದಳು. ಅವಳು ನಿಂತಿದ್ದದ್ದು ಒಂದು ಮಾರು ದೂರದಲ್ಲಿ. ಸಂಜೆ ಐದಕ್ಕೆ ಅವಳಿಗೂ ಮೂಗನ್ನು ಚರ್ಮಕ್ಕೆ ತಾಗಿಸಿದರೆ ಮಾತ್ರ ಸಿಕ್ಕಿತು. ಪೇಪರ್ ಪಟ್ಟಿಯಲ್ಲಿ ಮರುದಿನವೂ ಇತ್ತು, ಆದರೆ ಅದನ್ನು ಸಮಯದ ಲೆಕ್ಕಕ್ಕೆ ಸೇರಿಸುವುದಿಲ್ಲ. ಪೇಪರು, ಬಟ್ಟೆ ಎರಡೂ ಚರ್ಮಕ್ಕಿಂತ ಜಾಸ್ತಿ ಹೊತ್ತು ಹಿಡಿದಿಡುತ್ತವೆ.

ಕೊನೆಗೆ ಬರೆದ ಸಾಲು ಇದು: "ಬೆಂಗಳೂರಿನ ಚಳಿಗಾಲದಲ್ಲಿ ಒಂದು ದಿನ, ಮನೆಯೊಳಗೆ, ಕೈಗೆ ಎರಡು ಸ್ಪ್ರೇ. ನನಗೆ ನಾಲ್ಕು ಗಂಟೆ, ಆಮೇಲೆ ಬಿಟ್ಟು ಬಿಟ್ಟು. ಪಕ್ಕದವರಿಗೆ ನಾಲ್ಕು ಗಂಟೆಯ ನಂತರವೂ ಒಂದು ಮಾರು ದೂರಕ್ಕೆ. ಎಂಟು ಗಂಟೆಗೆ ಚರ್ಮದ ಮೇಲಷ್ಟೇ." ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಇದೇ ಲೆಕ್ಕ ನಿಲ್ಲುವುದಿಲ್ಲ. ಬಿಸಿ ಚರ್ಮದಿಂದ ಎಲ್ಲವೂ ಬೇಗ ಹಾರುತ್ತೆ, ಮೊದಲು ಹೋಗುವುದು ಆ ಕಿತ್ತಳೆ. ಹಾಗಾಗಿ ಹವೆ ಬರೆಯದೆ ಗಂಟೆ ಬರೆಯುವುದಿಲ್ಲ.

ನನಗೆ ಇಷ್ಟವಾಯಿತೋ ಇಲ್ಲವೋ ಅನ್ನುವುದು ಬೇರೆ ಪ್ಯಾರಾದಲ್ಲಿ, ಕೊನೆಗೆ. ಈ ಬಾಟಲಿಯ ಕಲ್ಲಿನ ವಾಸನೆ ನನಗೆ ಅಷ್ಟೇನೂ ಹಿಡಿಸಲಿಲ್ಲ, ಡ್ರೈಡೌನ್ ಹಿಡಿಸಿತು. ಅದರ ಕೆಳಗೇ ಸ್ವಂತ ದುಡ್ಡಿನಲ್ಲಿ ಕೊಂಡದ್ದು ಅಂತಲೂ ಒಂದು ಸಾಲು ಹಾಕಿದೆ.