ಅಮ್ಮನ ಫ್ಯಾಮಿಲಿ ಪೆನ್ಶನ್ ಕಡಿಮೆ ಬರ್ತಿತ್ತು, ಸರಿಪಡಿಸಿದ್ದು ಹೀಗೆ

ನಾವು ತೀರ್ಥಹಳ್ಳಿ ಕಡೆಯವರು. ಅಪ್ಪ ಕೇಂದ್ರ ಸರ್ಕಾರಿ ನೌಕರಿಯಿಂದ 60ಕ್ಕೆ ನಿವೃತ್ತರಾಗಿ 64ಕ್ಕೆ ತೀರಿಕೊಂಡರು. ಅಮ್ಮನಿಗೆ ತಿಂಗಳಿಗೆ ಮೂಲ 15,000 ಬರತೊಡಗಿತು. ಅಪ್ಪನಿಗೂ ಅಷ್ಟೇ ಬರ್ತಿತ್ತಲ್ಲ ಅಂತ ನಾಲ್ಕು ತಿಂಗಳು ಸುಮ್ನೆ ಇದ್ದೆವು.

ಆಮೇಲೆ ನೋಡಿದರೆ ಡಿಎ, ಅಂದರೆ ತುಟ್ಟಿಭತ್ಯೆ, ಇಳಿದಿತ್ತು. ಅಪ್ಪನ ಕೊನೆಯ ಮೂಲ ವೇತನ 50,000, ಪೆನ್ಶನ್ 25,000. ಪೆನ್ಶನ್‌ನ ಒಂದು ಭಾಗವನ್ನು ಮೊದಲೇ ಇಡಿಗಂಟಾಗಿ ಪಡೆದಿದ್ದರಿಂದ, ಆ ಕಮ್ಯೂಟೇಶನ್‌ಗೆ 10,000 ಕಳೆದು ಕೈಗೆ 15,000 ಬರ್ತಿತ್ತು, ಆದರೆ ಡಿಎ ಪೂರ್ತಿ 25,000ದ ಮೇಲೆ. ಬ್ಯಾಂಕ್‌ನವರು ಅಮ್ಮನಿಗೆ ನೇರವಾಗಿ ಸಾಮಾನ್ಯ ದರ, ಅಂದರೆ ವೇತನದ ಶೇ. 30 ಹಾಕಿದ್ದರು. ಅದೂ 15,000ವೇ, ನೋಡಿ!

ನಿವೃತ್ತರಾದವರು ತೀರಿಕೊಂಡರೆ 7 ವರ್ಷ, ಇಲ್ಲವೇ ಅವರಿಗೆ 67 ತುಂಬುವ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಹೆಚ್ಚಿನ ದರ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ 25,000. ಕಮ್ಯೂಟೇಶನ್ ಕಡಿತ ಅಮ್ಮನಿಗೆ ಅನ್ವಯಿಸುವುದಿಲ್ಲ.

ಪೆನ್ಶನ್ ಮಂಜೂರಾತಿಯ ಪಿಪಿಒ ಪುಸ್ತಕದಲ್ಲಿ ಎರಡೂ ದರ ಬರೆದಿತ್ತು. ಆ ಪುಟದ ಜೆರಾಕ್ಸ್, ಮರಣ ಪತ್ರ ಇಟ್ಟು ಅರ್ಜಿ ಕೊಟ್ಟೆ. "ಮೇಲಿನವರಿಗೆ ಕಳಿಸ್ತೀವಿ" ಅಂದರು. ಎರಡು ತಿಂಗಳಲ್ಲಿ ಬಾಕಿ ಬಂತು.

ತಮ್ಮನಿಗೆ 22. ಅವನ ಪಾಲು ಅಂತ ಈಗ ಬೇರೆ ಏನೂ ಇಲ್ಲ. ಅಮ್ಮ ಇರುವವರೆಗೆ ಅಮ್ಮನಿಗೇ. ನಂತರ ತಮ್ಮನಿಗೆ, ಅದೂ 25 ವರ್ಷ, ಮದುವೆ ಅಥವಾ ಸಂಪಾದನೆ, ಯಾವುದು ಮೊದಲೋ ಅಲ್ಲಿಯವರೆಗೆ.