ನಿಫ್ಟಿ ಹೊಸ ಹೈ ಮಾಡ್ತು, ಎ-ಡಿ ಲೈನ್ ಜೊತೆಗೆ ಬರ್ಲಿಲ್ಲ: 2018ರ ನನ್ನ ಅನುಭವ

ನಿಫ್ಟಿ ಏರ್ತಿದೆ ಅಂದ ಮಾತ್ರಕ್ಕೆ ಮಾರ್ಕೆಟ್ ಪೂರ್ತಿ ಏರ್ತಿದೆ ಅಂತಲ್ಲ, ಯಾಕಂದ್ರೆ ಅದ್ರಲ್ಲಿರೋ 50 ಶೇರಿಗೂ ಒಂದೇ ತೂಕ ಇಲ್ಲ. ಲೆಕ್ಕ ಹಾಕಿ ನೋಡಿ, 10% ತೂಕದ ಒಂದು ಶೇರು 3% ಏರಿದ್ರೆ ಅದೊಂದೇ ಇಂಡೆಕ್ಸನ್ನ 0.3% ಎತ್ತುತ್ತೆ. ಅದೇ ದಿನ ಒಟ್ಟು 50% ತೂಕದ 40 ಶೇರು ತಲಾ 0.4% ಇಳಿದ್ರೂ ಕಳೆಯೋದು 0.2% ಮಾತ್ರ. ಟಿವೀಲಿ ನಿಫ್ಟಿ ಹಸಿರು, 40 ಕಂಪನಿ ಕೆಂಪು. ಶಿವಮೊಗ್ಗ ಮಂಡಿಗೆ ಅಡಿಕೆ ಹಾಕೋರಿಗೆ ಇದು ಬೇಗ ಅರ್ಥ ಆಗುತ್ತೆ ಮಾರಾಯ್ರೆ, ಸರಕು ಅನ್ನೋ ಮೇಲ್ದರ್ಜೆ ಅಡಿಕೆಗೆ ದಾಖಲೆ ರೇಟ್ ಬಂತು ಅಂತ ಕೆಳದರ್ಜೆಯ ಗೊರಬಲು ತಂದವನ ಜೇಬು ತುಂಬಲ್ಲ.

ಅದಕ್ಕೇ ನಾನು ಅಡ್ವಾನ್ಸ್-ಡಿಕ್ಲೈನ್ ಲೈನ್, ಅಂದ್ರೆ ಎ-ಡಿ ಲೈನ್ ಇಟ್ಕೊಂಡಿದೀನಿ. ಏರಿದ ಶೇರುಗಳ ಸಂಖ್ಯೆಯಿಂದ ಇಳಿದವುಗಳ ಸಂಖ್ಯೆ ಕಳೆಯೋದು, ಬಂದಿದ್ದನ್ನ ನಿನ್ನೆಯ ಮೊತ್ತಕ್ಕೆ ಸೇರಿಸೋದು, ಅಷ್ಟೇ. ಇಲ್ಲಿ ದೊಡ್ಡ ಕಂಪನಿಗೂ ಒಂದೇ ವೋಟು, ಚಿಕ್ಕದಕ್ಕೂ ಒಂದೇ ವೋಟು. ಸಂಜೆ ಎನ್ಎಸ್ಇ ಭಾವ್‌ಕಾಪಿ, ಅಂದ್ರೆ ಎಲ್ಲ ಶೇರುಗಳ ಆ ದಿನದ ರೇಟ್ ಫೈಲ್, ಇಳಿಸ್ಕೊಂಡು (ಮಳೆಗಾಲದಲ್ಲಿ ಕರೆಂಟ್ ಇದ್ರೆ ಸಂಜೆ, ಇಲ್ದಿದ್ರೆ ಮರುದಿನ) ಆ ದಿನದ ವ್ಯತ್ಯಾಸಕ್ಕೆ ಶೀಟಲ್ಲಿ ಇದನ್ನ ಹಾಕ್ತೀನಿ:

```
=SUMPRODUCT((LEFT(G2:G4000,3)<>"INF")*((I2:I4000="EQ")+(I2:I4000="BE"))*SIGN(R2:R4000-T2:T4000))
```

G ಅಂದ್ರೆ ಶೇರಿನ ಗುರುತು ಸಂಖ್ಯೆ ISIN, I ಸೀರೀಸ್, R ಇವತ್ತಿನ ಕ್ಲೋಸ್, T ಹಿಂದಿನ ಕ್ಲೋಸ್. ನಿಮ್ಮ ಫೈಲಲ್ಲಿ ಹೆಡ್ಡಿಂಗ್ ನೋಡ್ಕೊಂಡು ಅಕ್ಷರ ಹೊಂದಿಸ್ಕೊಳ್ಳಿ. INF ಇಂದ ಶುರುವಾಗೋವು ಗೋಲ್ಡ್, ಲಿಕ್ವಿಡ್ ಥರದ ಇಟಿಎಫ್‌ಗಳು, ಅವು ಶೇರಿನ ಥರ ಟ್ರೇಡ್ ಆಗೋ ಫಂಡು, ಕಂಪನಿ ಅಲ್ಲ, ತೆಗೀಲೇಬೇಕು. BE ಸೀರೀಸ್ ಮಾತ್ರ ಬಿಡ್ಬೇಡಿ. ಬರೀ ಮಾಮೂಲಿ EQ ಸೀರೀಸ್ ತಗೊಂಡ್ರೆ ಎಷ್ಟೋ ಚಿಕ್ಕ ಶೇರು ಟ್ರೇಡ್-ಟು-ಟ್ರೇಡ್‌ಗೆ, ಅಂದ್ರೆ ಅದೇ ದಿನ ತಗೊಂಡು ಮಾರೋಕೆ ಬಿಡದ BEಗೆ, ಹೋದ ತಕ್ಷಣ ಲೆಕ್ಕದಿಂದ ಮಾಯ ಆಗ್ತವೆ, ದಿನಾ ಲೋವರ್ ಸರ್ಕ್ಯೂಟ್, ಅಂದ್ರೆ ಒಂದು ದಿನಕ್ಕೆ ಇಳಿಯೋಕೆ ಬಿಡೋ ಕೊನೆ ಮಿತಿ, ಹೊಡೀತಿರೋದು ಅವೇ ಆಗಿದ್ರೂ ನಿಮ್ಮ ಲೈನ್ ಇರೋದಕ್ಕಿಂತ ಚೆನ್ನಾಗಿ ಕಾಣುತ್ತೆ.

ಈಗ 2018. ನಿಫ್ಟಿ ಜನವರಿ 29ಕ್ಕೆ 11,130ರಲ್ಲಿ ಕ್ಲೋಸ್ ಆಯ್ತು, ಮಧ್ಯಮ, ಚಿಕ್ಕ ಕಂಪನಿಗಳ ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪ್ ಇಂಡೆಕ್ಸ್‌ಗಳು ಅದಕ್ಕೂ ಮುಂಚೆನೇ ತುದಿ ಮುಟ್ಟಿ ತಿರುಗಿದ್ವು. ಮಾರ್ಚ್ 23ಕ್ಕೆ ನಿಫ್ಟಿ 10,000ದ ಕೆಳಗೆ, ಆಮೇಲೆ ಏರ್ತಾ ಏರ್ತಾ ಆಗಸ್ಟ್ 28ಕ್ಕೆ 11,738, ಆವರೆಗಿನ ಅತಿ ಎತ್ತರದ ಕ್ಲೋಸ್. ಎತ್ತಿದ್ದು ರಿಲಯನ್ಸ್, ಟಿಸಿಎಸ್ ಥರದ ಕೆಲವೇ ದೊಡ್ಡೋರು. ಸ್ಮಾಲ್‌ಕ್ಯಾಪ್ ಇಂಡೆಕ್ಸ್ ಆವಾಗ್ಲೂ ಜನವರಿ ಎತ್ತರಕ್ಕಿಂತ 10%ಗೂ ಜಾಸ್ತಿ ಕೆಳಗಿತ್ತು, ನನ್ನ ಎ-ಡಿ ಲೈನ್ ಅಂತೂ ಜನವರಿ ತುದಿಯ ಹತ್ತಿರಕ್ಕೂ ಬಂದಿರ್ಲಿಲ್ಲ. ಸಾಗರದ ನಮ್ಮ ಭಾವ ಫೋನ್ ಮಾಡಿ "ನಿಫ್ಟಿ ಆಲ್ ಟೈಮ್ ಹೈ ಅಂತಾರಲ್ಲ, ನನ್ನ ಶೇರೆಲ್ಲ ಯಾಕೆ ಕೆಳಗಿದಾವೆ?" ಅಂದ್ರು. ನಾನು ಹೇಳಿದ್ದು, "ಭಾವ, ಏರ್ತಿರೋದು ನಿಮ್ಮ ಹತ್ರ ಇಲ್ಲ, ನಿಮ್ಮ ಹತ್ರ ಇರೋದು ಏಳು ತಿಂಗಳಿಂದ ಇಳೀತಾನೇ ಇದೆ, ಇಳಿದಿದೆ ಅಂತ ಇನ್ನಷ್ಟು ತಗೊಂಡು ಆವರೇಜ್ ಮಾಡೋಕೆ ಹೋಗ್ಬೇಡಿ." ನಾನೂ ಹೊಸ ಸ್ಮಾಲ್‌ಕ್ಯಾಪ್ ತಗೊಳ್ಳೋದು ನಿಲ್ಸಿದ್ದೆ. ಸೆಪ್ಟೆಂಬರಲ್ಲಿ ಐಎಲ್&ಎಫ್ಎಸ್ ಅನ್ನೋ ದೊಡ್ಡ ಫೈನಾನ್ಸ್ ಕಂಪನಿ ಸಾಲ ಕಟ್ಟೋಕಾಗದ ಗಲಾಟೆ ಬಂತು, ಅಕ್ಟೋಬರ್ 26ಕ್ಕೆ ನಿಫ್ಟಿ 10,030.

ಐಎಲ್&ಎಫ್ಎಸ್ ಗಲಾಟೆ ಬರುತ್ತೆ ಅಂತ ಎ-ಡಿ ಲೈನ್ ಹೇಳಿರ್ಲಿಲ್ಲ, ಹೇಳೋಕೂ ಆಗಲ್ಲ. ಅದು ತೋರ್ಸಿದ್ದು ರ‍್ಯಾಲಿ ನಿಂತಿದ್ದ ಕಂಬ ಎಷ್ಟು ಕಮ್ಮಿ ಅಂತ ಮಾತ್ರ. ಅದನ್ನೇ ಮಾರೋ ಸಿಗ್ನಲ್ ಅಂತ ತಗೊಂಡು ನಿಫ್ಟಿ ಇಟಿಎಫ್ ಪೂರ್ತಿ ಮಾರಿದ್ರೆ ಏನಾಗ್ತಿತ್ತು ಗೊತ್ತಾ? 2019 ಏಪ್ರಿಲಲ್ಲೇ ನಿಫ್ಟಿ ಆ 11,738 ದಾಟ್ತು, 2020 ಜನವರಿಲಿ 12,362ರಲ್ಲಿ ಕ್ಲೋಸ್ ಆಯ್ತು, ಆವಾಗ್ಲೂ ಸ್ಮಾಲ್‌ಕ್ಯಾಪ್ 2018ರ ತುದಿಗೆ ತಲುಪಿರ್ಲಿಲ್ಲ. ಅಂದ್ರೆ ಈ ವ್ಯತ್ಯಾಸ ಎರಡು ವರ್ಷ ಎಳೀಬೋದು. ನನ್ನ ಪ್ರಕಾರ ಈ ಎಚ್ಚರಿಕೆ ಇಂಡೆಕ್ಸ್ ಯಾವಾಗ ಬೀಳುತ್ತೆ ಅನ್ನೋದಕ್ಕಿಂತ, ಇಂಡೆಕ್ಸ್ ಹೊರಗಿನ ಶೇರು ಈಗ ತಗೋಬೋದಾ ಅನ್ನೋದಕ್ಕೇ ಹೆಚ್ಚು ಉಪಯೋಗ.

ನಿಫ್ಟಿಯ ಹೊಸ ಎತ್ತರಕ್ಕೆ ಲೈನಿನ ಒಪ್ಪಿಗೆ ಸಿಗೋದು ಹೇಗಿರುತ್ತೆ ಅಂತ 2020 ತೋರ್ಸ್ತು. ಮಾರ್ಚ್ 23ರ 7,610ರಿಂದ ಎದ್ದು ನವೆಂಬರ್ 9ಕ್ಕೆ ನಿಫ್ಟಿ ಹಳೆ ಎತ್ತರ ದಾಟಿದಾಗ ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪ್ ಕೂಡ ತಳದಿಂದ ಜೋರಾಗಿ ಏರ್ಕೊಂಡು ಬಂದಿದ್ವು, ನನ್ನ ಲೈನೂ ಏರ್ತಾನೇ ಇತ್ತು.

ಲೈನ್ ಓದೋವಾಗ ಹತ್ತು ವರ್ಷದ ಹಿಂದಿನ ಮೊತ್ತಕ್ಕೆ ಹೋಲಿಸ್ಬೇಡಿ, ಲಿಸ್ಟ್ ಆದ ಕಂಪನಿಗಳು ಬದಲಾಗ್ತವೆ, ದುರ್ಬಲ ಚಿಕ್ಕ ಶೇರುಗಳು ಲೈನನ್ನ ಕೆಳಗೇ ಎಳೀತಿರ್ತವೆ. ನಿಫ್ಟಿಯ ಹಿಂದಿನ ತುದಿ ದಿನ ಲೈನ್ ಎಲ್ಲಿತ್ತು, ಹೊಸ ತುದಿ ದಿನ ಎಲ್ಲಿದೆ, ಇವೆರಡನ್ನೇ ನೋಡೋದು. ಲೈನ್ ಒಂದೆರಡು ವಾರ ಮಾತ್ರ ಹಿಂದುಳಿದ್ರೆ ನಾನು ತಲೆ ಕೆಡಿಸ್ಕೊಳ್ಳಲ್ಲ, ತಿಂಗಳುಗಟ್ಲೆ ಆದ್ರೆ ಚಿಕ್ಕ ಶೇರಿನ ಖರೀದಿ ನಿಲ್ಸಿ, ಲೈನ್ ತನ್ನ ಹಿಂದಿನ ತುದಿ ದಾಟಿದ ಮೇಲೆ ಮತ್ತೆ ಶುರು ಮಾಡ್ತೀನಿ.